ಬಸಿರಿನ ಚಿತ್ರಸರಣಿಗೆ ಸ್ಲೈಡಿಗೊಂದು ಸಾಲು ಬರೆಯುವುದು ಹೇಗೆ?

ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಯೊಂದಿದೆ. “ಬಸಿರಿನ ಒಂಬತ್ತು ತಿಂಗಳ ಫೋಟೊಗಳನ್ನು ಆರಿಸಿಟ್ಟುಕೊಂಡಿದ್ದೇನೆ. ಎಲ್ಲವನ್ನೂ ಒಂದೇ ಪೋಸ್ಟಿನಲ್ಲಿ ಇನ್‌ಸ್ಟಾಗ್ರಾಂಗೆ ಹಾಕಬೇಕು. ಆದರೆ ಒಂದೊಂದು ಫೋಟೊಗೂ ಏನು ಬರೆಯಬೇಕು, ಎಲ್ಲಿ ಬರೆಯಬೇಕು?” ಕೇಳುವವರಲ್ಲಿ ತಾಯಂದಿರೂ ಇದ್ದಾರೆ, ಗಂಡಂದಿರೂ ಇದ್ದಾರೆ, ಅಕ್ಕನಿಗಾಗಿ ಈ ಕೆಲಸ ಹೊತ್ತುಕೊಂಡ ತಂಗಿಯರೂ ಇದ್ದಾರೆ. ಬಿಡಿಬಿಡಿಯಾಗಿ ಉತ್ತರಿಸುವ ಬದಲು ಒಮ್ಮೆ ಕ್ರಮವಾಗಿ ಬರೆದಿಡುವುದು ಒಳ್ಳೆಯದೆಂದು ಈ ಲೇಖನ.

ಮೊದಲು ಎರಡು ಪದಗಳನ್ನು ತಿಳಿಗೊಳಿಸಿಕೊಳ್ಳೋಣ. ಒಂದೇ ಪೋಸ್ಟಿನೊಳಗೆ ಬೆರಳಿನಿಂದ ಸರಿಸುತ್ತ ಒಂದಾದ ಮೇಲೊಂದರಂತೆ ನೋಡುವ ಚಿತ್ರಗಳ ಸಾಲಿಗೆ ಕ್ಯಾರೊಸೆಲ್ ಎನ್ನುತ್ತಾರೆ. ಅದರಲ್ಲಿನ ಒಂದೊಂದು ಚಿತ್ರವೂ ಒಂದು ಸ್ಲೈಡ್. ಇನ್‌ಸ್ಟಾಗ್ರಾಂ 2017ರಲ್ಲಿ ಇದನ್ನು ತಂದಾಗ ಒಂದು ಪೋಸ್ಟಿಗೆ 10 ಚಿತ್ರಗಳ ಮಿತಿಯಿತ್ತು; 2024ರಲ್ಲಿ ಅದು 20ಕ್ಕೆ ಏರಿತು. ಗೊಂದಲ ಹುಟ್ಟುವುದು ಮಾತ್ರ ಬೇರೆ ಕಡೆ. ಫೇಸ್‌ಬುಕ್ಕಿನ ಆಲ್ಬಮ್ಮಿನಲ್ಲಿ ಪ್ರತಿ ಚಿತ್ರಕ್ಕೂ ಬೇರೆ ಬೇರೆ ವಿವರಣೆ ಬರೆಯಲು ಜಾಗವಿದೆ. ಇನ್‌ಸ್ಟಾಗ್ರಾಂನ ಕ್ಯಾರೊಸೆಲ್‌ಗೆ ಇಡೀ ಪೋಸ್ಟಿಗೆ ಸೇರಿ ಕೆಳಗೆ ಒಂದೇ ಅಡಿಬರಹ. ಆದ್ದರಿಂದ ಸ್ಲೈಡಿಗೊಂದು ಸಾಲು ಬೇಕೆಂದರೆ ಆ ಸಾಲನ್ನು ಚಿತ್ರದ ಮೇಲೆಯೇ ಅಕ್ಷರವಾಗಿ ಕೂರಿಸಬೇಕು. ಮುಂದೆ ನಾನು ‘ಸ್ಲೈಡಿನ ಬರಹ’ ಎಂದಾಗಲೆಲ್ಲ ಚಿತ್ರದ ಮೇಲಿನ ಈ ಸಾಲನ್ನೇ ಹೇಳುತ್ತಿದ್ದೇನೆ, ಕೆಳಗಿನ ಅಡಿಬರಹವನ್ನಲ್ಲ.

ಉದಾಹರಣೆಗೆ ನನ್ನ ಚಿಕ್ಕಮ್ಮನ ಮಗಳ ಸರಣಿಯನ್ನು ಅವಳ ಒಪ್ಪಿಗೆಯಿಂದ ಬಳಸಿಕೊಂಡಿದ್ದೇನೆ. ಅವಳದು ಬೆಂಗಳೂರಿನಲ್ಲಿ ನೌಕರಿ, ಶಿವಮೊಗ್ಗದಲ್ಲಿ ತವರು, ಒಂಬತ್ತು ಸ್ಲೈಡು. ಮೊದಲ ಕರಡನ್ನು ಅವಳು ಒಂದೇ ರಾತ್ರಿಯಲ್ಲಿ ಬರೆದಿದ್ದಳು, ಮತ್ತು ಆ ಕರಡಿನಲ್ಲಿ ಎಲ್ಲರೂ ಮಾಡುವ ತಪ್ಪುಗಳೆಲ್ಲ ಇದ್ದವು.

ಬೇಕಾಗುವ ವಸ್ತುಗಳು ಹೆಚ್ಚಿಲ್ಲ. ಆರಿಸಿದ ಫೋಟೊಗಳು, ಅವುಗಳನ್ನು ತೆಗೆದ ದಿನಾಂಕ, ತಾಯಿ ಕಾರ್ಡ್ ಅಥವಾ ಆಸ್ಪತ್ರೆಯ ಫೈಲು, ಕನ್ನಡ ಯೂನಿಕೋಡ್ ಅಕ್ಷರವನ್ನು ಸರಿಯಾಗಿ ತೋರಿಸುವ ಒಂದು ಚಿತ್ರ ತಿದ್ದುವ ಆ್ಯಪ್, ಮತ್ತು ಒಂದು ನೋಟ್‌ಬುಕ್ ಇದ್ದರೆ ಸಾಕು. ನೀವಿನ್ನೂ ಬಸಿರಿನ ನಡುವೆಯೇ ಇದ್ದರೆ ನೋಟ್‌ಬುಕ್ಕನ್ನು ಇವತ್ತೇ ಶುರುಮಾಡಿ. ಆ ದಿನ ಕಂಡದ್ದು, ಕೇಳಿದ್ದು, ತಿಂದದ್ದು ಏನಾದರೂ ಒಂದು ಸಾಲಿನಲ್ಲಿ ಇರಲಿ. ಆರು ತಿಂಗಳ ಮೇಲೆ ಕುಳಿತು ನೆನಪಿಸಿಕೊಳ್ಳಲು ಹೊರಟರೆ ಕೈಗೆ ಸಿಗುವುದು ‘ಮರೆಯಲಾಗದ ಕ್ಷಣ’ ಎಂಬ ಪದ ಮಾತ್ರ, ಆ ಕ್ಷಣವಲ್ಲ.

1. ಮೊದಲು ವಾರದ ಲೆಕ್ಕ ಸರಿಪಡಿಸಿಕೊಳ್ಳಿ

ಬಹುತೇಕ ಸರಣಿಗಳಲ್ಲಿ ಎಡವುವುದು ಇಲ್ಲಿಯೇ. ಬಸಿರಿನ ವಾರಗಳನ್ನು ವೈದ್ಯರು ಎಣಿಸುವುದು ಗರ್ಭ ನಿಂತ ದಿನದಿಂದಲ್ಲ, ಕೊನೆಯ ಮುಟ್ಟಿನ ಮೊದಲ ದಿನದಿಂದ. ಫೈಲಿನಲ್ಲಿ ಆ ದಿನದ ಮುಂದೆ LMP ಎಂದು ಬರೆದಿರುತ್ತದೆ. ಅಲ್ಲಿಂದ 280 ದಿನ, ಅಂದರೆ 40 ವಾರ ಎಣಿಸಿದರೆ ಬರುವುದು ಹೆರಿಗೆಯ ಅಂದಾಜು ದಿನ. ಅದರ ಮುಂದೆ EDD ಎಂದಿರುತ್ತದೆ. ಸ್ಕ್ಯಾನ್ ಚಿತ್ರದ ಮೂಲೆಯಲ್ಲಿ ಕಾಣುವ GA ಎಂಬುದು ಆ ದಿನಕ್ಕೆ ಎಷ್ಟು ವಾರ, ಎಷ್ಟು ದಿನ ಆಗಿದೆ ಎಂಬ ಲೆಕ್ಕ. ಮೊದಲ ಸ್ಕ್ಯಾನಿನ ನಂತರ ವೈದ್ಯರು ಅಂದಾಜು ದಿನವನ್ನು ಬದಲಿಸಿದ್ದರೆ ಆಮೇಲಿನ ಎಲ್ಲ ಸ್ಲೈಡುಗಳಿಗೂ ಬದಲಿಸಿದ ದಿನವನ್ನೇ ಆಧಾರವಾಗಿಟ್ಟುಕೊಳ್ಳಿ.

ನನ್ನ ತಂಗಿಯ LMP 2025ರ ಜನವರಿ 6, ಸೋಮವಾರ. ಹಾಗಾಗಿ ಅಂದಾಜು ದಿನ ಅಕ್ಟೋಬರ್ 13. ಅವಳು ಮನೆಯಲ್ಲೇ ಪರೀಕ್ಷಿಸಿಕೊಂಡದ್ದು ಫೆಬ್ರವರಿ 8ರಂದು. ಆ ಚಿತ್ರದ ಮೇಲೆ ಅವಳು ‘2 ವಾರ’ ಎಂದು ಬರೆದಿದ್ದಳು, ಏಕೆಂದರೆ ಗರ್ಭ ನಿಂತ ದಿನವನ್ನು ತಾನೇ ಊಹಿಸಿ ಅಲ್ಲಿಂದ ಎಣಿಸಿದ್ದಳು. ವೈದ್ಯರ ಲೆಕ್ಕದಲ್ಲಿ ಅವತ್ತಿಗೆ 4 ವಾರ 5 ದಿನ. ಮುಂದಿನ ಸ್ಲೈಡಿನ ಸ್ಕ್ಯಾನ್ ಚಿತ್ರ ಫೆಬ್ರವರಿ 24ರದು, ಅದರ ಮೇಲೆ 7 ವಾರ ಎಂದು ಮುದ್ರಿತವಾಗಿತ್ತು. ಎರಡು ವಾರದಿಂದ ಏಳು ವಾರಕ್ಕೆ ಹದಿನಾರೇ ದಿನದಲ್ಲಿ ಜಿಗಿದದ್ದನ್ನು ಓದುಗರು ಗಮನಿಸದೆ ಬಿಡುವುದಿಲ್ಲ, ಅದರಲ್ಲೂ ನಮ್ಮ ದೊಡ್ಡಮ್ಮಂದಿರು ಬಿಡುವುದೇ ಇಲ್ಲ.

ತಿಂಗಳಿನ ಲೆಕ್ಕ ಇನ್ನೂ ಜಾರುವಂಥದ್ದು. ಅವಳ ಸೀಮಂತ ನಡೆದದ್ದು ಜುಲೈ 27ರಂದು. ಅವತ್ತಿಗೆ 28 ವಾರ ದಾಟಿತ್ತು. ಅದನ್ನು ನಾಲ್ಕರಿಂದ ಭಾಗಿಸಿ ‘ಏಳು ತಿಂಗಳು ತುಂಬಿತು’ ಎಂದು ಬರೆದಿದ್ದಳು. ಆದರೆ ನಾಲ್ಕು ವಾರಕ್ಕೆ 28 ದಿನವೇ ಹೊರತು ಒಂದು ತಿಂಗಳಲ್ಲ. ಜನವರಿ 6ರಿಂದ ಕ್ಯಾಲೆಂಡರಿನಲ್ಲಿ ಎಣಿಸಿದರೆ ಜುಲೈ 6ಕ್ಕೆ ಆರು ತುಂಬಿ ಏಳನೆಯದು ನಡೆಯುತ್ತಿತ್ತು. ‘ಏಳು ತಿಂಗಳು’ ಎನ್ನುವುದಕ್ಕೂ ‘ಏಳನೇ ತಿಂಗಳು’ ಎನ್ನುವುದಕ್ಕೂ ಹೀಗೆ ಒಂದು ತಿಂಗಳಿನ ವ್ಯತ್ಯಾಸವಿದೆ. ನನ್ನ ಸಲಹೆಯೆಂದರೆ, ಸರಣಿಯುದ್ದಕ್ಕೂ ತುಂಬಿದ ವಾರವನ್ನೇ ಬಳಸಿ, ‘7 ವಾರ’, ‘19 ವಾರ’ ಎಂಬಂತೆ. ಸೀಮಂತ, ಕುಬಸದಂತಹ ಶಾಸ್ತ್ರದ ಚಿತ್ರಕ್ಕೆ ಮಾತ್ರ ‘ಏಳನೇ ತಿಂಗಳು’ ಎಂದು ಬರೆಯಿರಿ, ಏಕೆಂದರೆ ಆ ಶಾಸ್ತ್ರವನ್ನು ಮನೆಯವರು ಎಣಿಸುವುದೇ ಹಾಗೆ. ಅಂಕಿಗಳನ್ನೂ 12 ಎಂದೋ ೧೨ ಎಂದೋ ಒಂದೇ ರೀತಿಯಲ್ಲಿ ಬರೆಯಿರಿ.

2. ಚಿತ್ರಗಳನ್ನು ಕ್ರಮದಲ್ಲಿ ಇಡಿ

ಇಪ್ಪತ್ತು ಚಿತ್ರಕ್ಕೆ ಅವಕಾಶವಿದೆ ಎಂದು ಇಪ್ಪತ್ತನ್ನೂ ತುಂಬಬೇಕಾಗಿಲ್ಲ. ಎಂಟರಿಂದ ಹತ್ತು ಸ್ಲೈಡು ಸಾಕು. ಒಂದೇ ಭಂಗಿಯ ಹೊಟ್ಟೆಯ ಫೋಟೊ ಎರಡಕ್ಕಿಂತ ಹೆಚ್ಚಿದ್ದರೆ ಮೂರನೆಯದಕ್ಕೆ ಬರೆಯಲು ಏನೂ ಉಳಿಯುವುದಿಲ್ಲ, ಆಗಲೇ ಸವಕಲು ಮಾತು ನುಸುಳುವುದು.

ಕ್ರಮದ ಬಗ್ಗೆ ಎರಡು ಮಾತು. ಮೊದಲ ಸ್ಲೈಡು ಕಾಲಕ್ರಮದಲ್ಲಿ ಮೊದಲನೆಯದೇ ಆಗಬೇಕೆಂದಿಲ್ಲ; ನೋಡುಗರು ಬೆರಳು ಸರಿಸುವಂತೆ ಮಾಡುವುದು ಅದರ ಕೆಲಸ. ಎರಡನೆಯ ಸ್ಲೈಡು ಸ್ವತಂತ್ರವಾಗಿಯೂ ಅರ್ಥವಾಗಬೇಕು, ಏಕೆಂದರೆ ಮೊದಲ ಚಿತ್ರವನ್ನು ನೋಡಿ ಮುಂದೆ ಹೋದವರಿಗೆ ಇನ್‌ಸ್ಟಾಗ್ರಾಂ ಕೆಲವೊಮ್ಮೆ ಅದೇ ಪೋಸ್ಟನ್ನು ಎರಡನೆಯ ಚಿತ್ರದಿಂದ ಮತ್ತೆ ತೋರಿಸುತ್ತದೆ. ‘ಆಮೇಲೆ…’ ಎಂದು ಎರಡನೆಯ ಸ್ಲೈಡು ಆರಂಭವಾದರೆ ಅಂಥವರಿಗೆ ತಲೆಬುಡ ತಿಳಿಯುವುದಿಲ್ಲ.

3. ಯಾರು, ಯಾರಿಗೆ ಹೇಳುತ್ತಿದ್ದಾರೆಂದು ನಿರ್ಧರಿಸಿ

ಕನ್ನಡದಲ್ಲಿ ಕ್ರಿಯಾಪದವೇ ಕರ್ತೃವನ್ನು ಹೇಳಿಬಿಡುತ್ತದೆ. ಆದ್ದರಿಂದ ದನಿ ನಡುವೆ ಬದಲಾದರೆ ಕಣ್ಣಿಗೆ ಬೇಗ ರಾಚುತ್ತದೆ. ನನ್ನ ತಂಗಿಯ ಕರಡಿನಲ್ಲಿ ಎರಡನೆಯ ಸ್ಲೈಡು ‘ನಾವು ಇಬ್ಬರಿಂದ ಮೂವರಾಗುತ್ತಿದ್ದೇವೆ’ ಎಂದಿತ್ತು, ಮೂರನೆಯದು ‘ನೀನು ಬಂದೆ ಕಂದ’ ಎಂದಿತ್ತು, ಐದನೆಯದು ‘ಹೊಸ ಅಮ್ಮನ ಸಂಭ್ರಮ ನೋಡಿ’ ಎಂದು ಹೊರಗಿನವರು ಹೇಳಿದಂತಿತ್ತು. ಮೂರು ದನಿಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ತಾಯಿ ತನ್ನ ಅನುಭವವನ್ನು ‘ನಾನು’ ಎಂದು ಹೇಳುವುದು ಎಲ್ಲಕ್ಕಿಂತ ಸುಲಭವಾಗಿ ನಿಲ್ಲುತ್ತದೆ. ಗಂಡ ಬರೆಯುವುದಾದರೆ ತಾನು ಕಂಡದ್ದನ್ನು ಮಾತ್ರ ಬರೆಯಲಿ. ಅವಳಿಗೆ ಏನನ್ನಿಸಿತೆಂದು ಅವನು ಬರೆದ ಸಾಲು ಯಾವಾಗಲೂ ಹುಸಿಯಾಗಿ ಕೇಳಿಸುತ್ತದೆ.

ಮಗುವಿಗೇ ಹೇಳುವ ‘ನೀನು’ ದನಿ ಚೆಂದವೇ, ಆದರೆ ಒಂಬತ್ತು ಸ್ಲೈಡು ಎಳೆದರೆ ಭಾರವಾಗುತ್ತದೆ. ಅದರಲ್ಲಿ ಒಂದು ನಗೆಪಾಟಲಿನ ಗುಂಡಿಯೂ ಇದೆ. ‘19 ವಾರ. ಮೊದಲ ಸಲ ನೀನು ಒದ್ದೆ’ ಎಂದು ಬರೆದರೆ, ‘ಒದ್ದೆ’ ಎಂಬುದನ್ನು ಅರ್ಧ ಜನ ನೆನೆದದ್ದು ಎಂದೇ ಓದಿಕೊಳ್ಳುತ್ತಾರೆ. ‘ಒದೆದೆ’ ಎಂದೋ ‘ನಿನ್ನ ಮೊದಲ ಒದೆ’ ಎಂದೋ ಬರೆದರೆ ತೊಂದರೆಯಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಲಿಂಗದ ಪ್ರಶ್ನೆ. ಭಾರತದಲ್ಲಿ 1994ರ ಪಿಸಿಪಿಎನ್‌ಡಿಟಿ ಕಾಯ್ದೆ, ಅಂದರೆ ಭ್ರೂಣಲಿಂಗ ಪತ್ತೆಯನ್ನು ತಡೆಯುವ ಕಾನೂನು, ಹುಟ್ಟುವ ಮೊದಲು ಮಗುವಿನ ಲಿಂಗವನ್ನು ತಿಳಿಸುವುದನ್ನು ನಿಷೇಧಿಸಿದೆ. ಪತ್ತೆ ಮಾಡಿಲ್ಲ, ತಿಳಿಸಿಲ್ಲ ಎಂಬ ಒಂದು ಘೋಷಣೆ ನಿಮ್ಮ ಸ್ಕ್ಯಾನ್ ವರದಿಯಲ್ಲೂ ಇರುತ್ತದೆ. ಹೀಗಿರುವಾಗ ಬಸಿರಿನ ನಡುವೆ ಹಾಕುವ ಪೋಸ್ಟಿನಲ್ಲಿ ‘ಪುಟ್ಟ ರಾಜಕುಮಾರ ಬರುತ್ತಿದ್ದಾನೆ’ ಎಂದು ಬರೆದರೆ, ಅದು ನಿಮ್ಮ ಆಸೆಯಷ್ಟೇ ಆಗಿದ್ದರೂ ಓದುವವರು ಬೇರೆಯೇ ಅರ್ಥ ಮಾಡಿಕೊಳ್ಳುತ್ತಾರೆ. ಅದೃಷ್ಟಕ್ಕೆ ಕನ್ನಡದಲ್ಲಿ ‘ಮಗು’ ನಪುಂಸಕಲಿಂಗ. ‘ಮಗು ಹೊರಳಿತು’, ‘ಮಗು ಬಿಕ್ಕಳಿಸಿತು’ ಎಂದು ಬರೆದರೆ ಏನೂ ಬಯಲಾಗುವುದಿಲ್ಲ. ‘ಕಂದ’, ‘ಕೂಸು’ ಎಂಬ ಪದಗಳೂ ಎರಡಕ್ಕೂ ಸಲ್ಲುತ್ತವೆ. ‘ಪುಟ್ಟ’, ‘ಪುಟ್ಟಿ’ ಎಂದ ಕೂಡಲೇ ಗುಟ್ಟು ಹೊರಬಿದ್ದಂತಾಗುತ್ತದೆ. ಹೊಟ್ಟೆಯ ಆಕಾರ ನೋಡಿ ನೆಂಟರು ಹೇಳಿದ ಭವಿಷ್ಯವನ್ನು ತಮಾಷೆಗೂ ಸ್ಲೈಡಿಗೆ ತರಬೇಡಿ. ಅಮೆರಿಕ, ಬ್ರಿಟನ್ನುಗಳಲ್ಲಿರುವ ಕನ್ನಡಿಗರಿಗೆ ಸ್ಕ್ಯಾನಿನಲ್ಲೇ ತಿಳಿದಿರಬಹುದು, ಅಲ್ಲಿ ಅದನ್ನು ಹೇಳಿಕೊಳ್ಳಲು ಅಡ್ಡಿಯೂ ಇಲ್ಲ. ಅಂಥವರು ಸರಣಿಯ ಯಾವ ಸ್ಲೈಡಿನಲ್ಲಿ ಹೇಳುತ್ತೇವೆಂದು ಮೊದಲೇ ಗೊತ್ತುಮಾಡಿಕೊಂಡು, ಅದಕ್ಕಿಂತ ಹಿಂದಿನ ಸ್ಲೈಡುಗಳಲ್ಲಿ ‘ಅವಳು’, ‘ಅವನು’ ನುಸುಳಿಲ್ಲವೆಂದು ನೋಡಿಕೊಳ್ಳಬೇಕು.

4. ಚಿತ್ರ ಹೇಳದಿರುವುದನ್ನು ಬರೆಯಿರಿ

ಇದೇ ಮುಖ್ಯ ಹಂತ, ಇಲ್ಲಿ ನಿಧಾನವಾಗಿ ಕುಳಿತುಕೊಳ್ಳಿ. ಒಂದೊಂದು ಚಿತ್ರವನ್ನೂ ಎದುರಿಗಿಟ್ಟುಕೊಂಡು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯಿರಿ. ಮೊದಲ ಸಾಲಿನಲ್ಲಿ ಚಿತ್ರದಲ್ಲಿ ಯಾರಿಗಾದರೂ ಕಾಣುವುದೇನೆಂದು ಬರೆಯಿರಿ. ಎರಡನೆಯ ಸಾಲಿನಲ್ಲಿ ಅಲ್ಲಿ ಇದ್ದವರಿಗೆ ಮಾತ್ರ ಗೊತ್ತಿರುವುದೇನೆಂದು ಬರೆಯಿರಿ. ಮೊದಲ ಸಾಲನ್ನು ಹೊಡೆದುಹಾಕಿ. ಉಳಿದ ಸಾಲಿನಿಂದ ಸ್ಲೈಡಿನ ಬರಹ ಹುಟ್ಟಬೇಕು.

ಎರಡನೆಯ ಸ್ಲೈಡನ್ನೇ ನೋಡೋಣ. ಪರೀಕ್ಷೆಯ ಕಡ್ಡಿ, ಅದರಲ್ಲಿ ಎರಡು ಗುಲಾಬಿ ಗೆರೆ. ಕರಡಿನಲ್ಲಿ ಹೀಗಿತ್ತು:

“ಎರಡು ಗೆರೆಗಳು ನಮ್ಮ ಬದುಕನ್ನೇ ಬದಲಿಸಿದ ಆ ಸುಂದರ ಕ್ಷಣ!”

ಎರಡು ಗೆರೆ ಚಿತ್ರದಲ್ಲೇ ಇದೆ. ಬದುಕು ಬದಲಾಯಿತೆಂಬುದನ್ನು ಉಳಿದ ಏಳು ಸ್ಲೈಡುಗಳು ಹೇಳುತ್ತವೆ. ‘ಸುಂದರ ಕ್ಷಣ’ ಎಂಬುದು ಯಾರ ಚಿತ್ರದ ಮೇಲೆ ಬೇಕಾದರೂ ಕೂರುವ ಮಾತು. ಅವತ್ತು ಏನಾಯಿತು ಎಂದು ಕೇಳಿದೆ. ಬೆಳಗಿನ ಜಾವ ಎದ್ದು ನೋಡಿಕೊಂಡಳಂತೆ, ಗಂಡ ಮಲಗಿದ್ದನಂತೆ, ಎಬ್ಬಿಸಲೋ ಬೇಡವೋ ಎಂದು ಬಚ್ಚಲುಮನೆಯ ಬಾಗಿಲಲ್ಲಿ ಹತ್ತು ನಿಮಿಷ ನಿಂತಿದ್ದಳಂತೆ. ಅಷ್ಟು ಸಾಕಾಯಿತು:

“ಶನಿವಾರ, ಬೆಳಗ್ಗೆ 5:40. ಅವರನ್ನು ಎಬ್ಬಿಸದೆ ಹತ್ತು ನಿಮಿಷ ಸುಮ್ಮನೆ ನಿಂತೆ.”

ಇದರಲ್ಲಿ ಸಂತೋಷ ಎಂಬ ಪದವಿಲ್ಲ; ಆ ಹತ್ತು ನಿಮಿಷದಲ್ಲಿ ಸಂತೋಷವೂ ಇದೆ, ಅಂಜಿಕೆಯೂ ಇದೆ. ಭಾವದ ಹೆಸರನ್ನು ಬರೆಯುವ ಬದಲು ಗಂಟೆಯನ್ನೋ ವಸ್ತುವನ್ನೋ ಆಡಿದ ಮಾತನ್ನೋ ಬರೆದರೆ ಓದುವವರು ಭಾವವನ್ನು ತಾವೇ ಹುಡುಕಿಕೊಳ್ಳುತ್ತಾರೆ.

ಮೂರನೆಯದು 7 ವಾರದ ಸ್ಕ್ಯಾನ್. ಕರಡಿನಲ್ಲಿ “ನಮ್ಮ ಪುಟಾಣಿಯ ಮೊದಲ ಫೋಟೊ” ಎಂದಿತ್ತು. ತಿದ್ದಿದ ಮೇಲೆ ಹೀಗಾಯಿತು: “7 ವಾರ. ಮಿಣುಕುತ್ತಿದ್ದ ಚುಕ್ಕೆಯನ್ನು ತೋರಿಸಿ, ಇದೇ ಎದೆಬಡಿತ ಎಂದರು.” ಸ್ಥಿರಚಿತ್ರದಲ್ಲಿ ಆ ಮಿಣುಕು ಕಾಣುವುದಿಲ್ಲ, ಬರಹಕ್ಕೆ ಮಾತ್ರ ಅದನ್ನು ತೋರಿಸಲು ಸಾಧ್ಯ.

ನಾಲ್ಕನೆಯ ಚಿತ್ರದಲ್ಲಿ ಅವಳು ಬಾಲ್ಕನಿಯಲ್ಲಿ ಕುಳಿತು ಮಂಡಕ್ಕಿ ತಿನ್ನುತ್ತಿದ್ದಾಳೆ, ಅಷ್ಟೇ. ಇದನ್ನು ತೆಗೆದುಹಾಕಲು ಹೊರಟಿದ್ದಳು, ನಾನು ಬೇಡವೆಂದೆ. “10 ವಾರ. ಒಗ್ಗರಣೆ ವಾಸನೆ ಸೇರದೆ, ಅಡುಗೆಮನೆಯಿಂದ ಇಲ್ಲಿಗೆ ವಲಸೆ.” ವಾಂತಿ, ಸಂಕಟದ ದಿನಗಳನ್ನು ಪೂರ್ತಿ ಬಿಟ್ಟ ಸರಣಿ ಜಾಹೀರಾತಿನಂತೆ ಕಾಣುತ್ತದೆ. ಹಾಗೆಂದು ವೈದ್ಯಕೀಯ ವಿವರವನ್ನೆಲ್ಲ ಬಿಚ್ಚಿಡಬೇಕಾಗಿಲ್ಲ. ಒಂದು ಸಾಲಿನಷ್ಟು ಸಾಕು.

ಐದನೆಯದು ಅಜ್ಜಿ ನಗುತ್ತಿರುವ ಚಿತ್ರ. ಮೂರು ತಿಂಗಳು ಕಳೆಯುವ ತನಕ ಹೊರಗೆ ಹೇಳಬಾರದೆಂಬುದು ನಮ್ಮ ಕಡೆಯ ರೂಢಿ. ಗರ್ಭಪಾತಗಳಲ್ಲಿ ಹೆಚ್ಚಿನವು ಮೊದಲ 12 ವಾರಗಳಲ್ಲೇ ಆಗುವುದರಿಂದ ಆ ರೂಢಿಗೆ ಕಾರಣವೂ ಇದೆ. ಅದನ್ನೆಲ್ಲ ಸ್ಲೈಡಿನಲ್ಲಿ ವಿವರಿಸಬೇಕಾಗಿಲ್ಲ. “12 ವಾರ. ಅಜ್ಜಿಗೆ ಹೇಳಿದೆವು. ‘ನಂಗೆ ಆವತ್ತೇ ಗೊತ್ತಾಗಿತ್ತು’ ಎಂದರು.” ಆಡಿದ ಮಾತನ್ನು ಆಡಿದ ಹಾಗೆಯೇ ಬರೆಯಿರಿ. ಅಜ್ಜಿಯ ಮಾತನ್ನು ಗ್ರಂಥದ ಭಾಷೆಗೆ ತಿರುಗಿಸಿದರೆ ಅಜ್ಜಿಯೇ ಇಲ್ಲವಾಗುತ್ತಾರೆ.

ಆರನೆಯದರಲ್ಲಿ ಕಚೇರಿಯ ಖಾಲಿ ಕುರ್ಚಿ ಮಾತ್ರ ಇದೆ, ಮೇಲೆ ಅವಳ ಬಣ್ಣದ ಶಾಲು. ಮೊದಲ ಬಸಿರಿನಲ್ಲಿ ಮಗುವಿನ ಚಲನೆ ತಿಳಿಯತೊಡಗುವುದು ಸಾಮಾನ್ಯವಾಗಿ 18ರಿಂದ 20 ವಾರಗಳ ಹೊತ್ತಿಗೆ. ಅವಳಿಗೆ 19ಕ್ಕೆ ತಿಳಿಯಿತು. “19 ವಾರ. ಮೀಟಿಂಗಿನ ನಡುವೆ ಒಳಗೆ ಮೀನು ಹೊರಳಿದಂತಾಯಿತು. ಯಾರಿಗೂ ಹೇಳಲಿಲ್ಲ.” ಹೊಟ್ಟೆ ಕಾಣದ ಈ ಚಿತ್ರದ ಬಳಿಯೇ ಜನ ಹೆಚ್ಚು ಹೊತ್ತು ನಿಂತರೆಂದು ಆಮೇಲೆ ಬಂದ ಪ್ರತಿಕ್ರಿಯೆಗಳಿಂದ ತಿಳಿಯಿತು.

ಏಳನೆಯದು ಸೀಮಂತ. ಇಂತಹ ಚಿತ್ರದಲ್ಲಿ ಹಸಿರು ಬಳೆ, ಮಡಿಲಕ್ಕಿ, ಆರತಿ ಎಲ್ಲವೂ ಕಾಣುತ್ತಿರುವುದರಿಂದ ಅವುಗಳ ಪಟ್ಟಿ ಬೇಡ. “ಏಳನೇ ತಿಂಗಳು. ಆಷಾಢ ಕಳೆಯಲೆಂದು ಕಾದ ಸೀಮಂತ. ಮೊದಲ ಬಳೆ ಅಜ್ಜಿಯದು.” ಐದನೆಯ ಸ್ಲೈಡಿನ ಅಜ್ಜಿ ಇಲ್ಲಿ ಮರಳಿ ಬಂದದ್ದನ್ನು ಗಮನಿಸಿ. ಒಂದು ವ್ಯಕ್ತಿ ಅಥವಾ ವಸ್ತು ಎರಡು ಕಡೆ ಕಾಣಿಸಿಕೊಂಡರೆ ಬಿಡಿ ಚಿತ್ರಗಳು ಒಂದು ಕಥೆಯಾಗಿ ಹೆಣೆದುಕೊಳ್ಳುತ್ತವೆ.

ಎಂಟು ಮತ್ತು ಒಂಬತ್ತನೆಯ ಸ್ಲೈಡುಗಳನ್ನು ಇದೇ ಉದ್ದೇಶದಿಂದ ಜೋಡಿಯಾಗಿ ಬರೆದೆವು. ಎಂಟನೆಯದು ತವರಿನಲ್ಲಿ ತೆಗೆದದ್ದು, ಅರ್ಧ ತುಂಬಿದ ಚೀಲ: “36 ವಾರ. ಆಸ್ಪತ್ರೆಯ ಚೀಲಕ್ಕೆ ಮೊದಲು ಹೋದದ್ದು ಅಮ್ಮನ ಹಳೆಯ ಹತ್ತಿ ಸೀರೆ.” ಒಂಬತ್ತನೆಯದರಲ್ಲಿ ಮಗುವಿನ ಪಾದ, ಸುತ್ತ ಮಾಸಿದ ನೀಲಿ ಅಂಚು. ಕರಡಿನಲ್ಲಿ ತೂಕ, ಸಮಯ, ದೇವರಿಗೆ ಕೃತಜ್ಞತೆ ಎಲ್ಲ ಸೇರಿ ನಾಲ್ಕು ಸಾಲಿತ್ತು. ಉಳಿದದ್ದು ಇಷ್ಟು: “ಅಕ್ಟೋಬರ್ 9, ಗುರುವಾರ. ಅದೇ ಸೀರೆಯಲ್ಲಿ.”

ಮೊದಲ ಸ್ಲೈಡನ್ನು ಕೊನೆಗೆ ಬರೆಯಿರಿ. ಮುಖಪುಟ ಎಂಬ ಭಯದಿಂದ ‘ನಮ್ಮ ಪಯಣ’ ಎಂದು ದೊಡ್ಡಕ್ಷರದಲ್ಲಿ ಬರೆಯುವವರೇ ಹೆಚ್ಚು. ಅವಳು ಜನವರಿಯಲ್ಲಿ ಹೊಲಿಸಿದ ಒಂದು ಚೂಡಿದಾರವನ್ನು ತುಂಬು ಗರ್ಭಿಣಿಯಾಗಿದ್ದಾಗ ಹಟಕ್ಕೆ ತೊಟ್ಟು ತೆಗೆಸಿಕೊಂಡ ಚಿತ್ರವಿತ್ತು. ಅದೇ ಮೊದಲ ಸ್ಲೈಡಾಯಿತು: “ಈ ಚೂಡಿದಾರ ಜನವರಿಯಲ್ಲಿ ಸಡಿಲವಾಗಿತ್ತು.”

5. ಎಂಟು ಹತ್ತು ಪದಕ್ಕೆ ಇಳಿಸಿ

ಮೇಲಿನ ಸಾಲುಗಳನ್ನು ಎಣಿಸಿ ನೋಡಿದರೆ ಹೆಚ್ಚಿನವು ಹತ್ತು ಪದದೊಳಗೇ ಇವೆ. ಇದು ಚಂದಕ್ಕಾಗಿ ಮಾಡಿದ ನಿಯಮವಲ್ಲ, ಜಾಗದ ಲೆಕ್ಕ. ಉದ್ದನೆಯ ಚಿತ್ರದ ಸಾಮಾನ್ಯ ಅಳತೆ 1080 × 1350 ಪಿಕ್ಸೆಲ್. ಪಿಕ್ಸೆಲ್ ಎಂದರೆ ಪರದೆಯ ಒಂದು ಚುಕ್ಕೆ. ಇಕ್ಕೆಲದಲ್ಲೂ ನೂರು ಚುಕ್ಕೆಯಷ್ಟು ಅಂಚು ಬಿಟ್ಟು, ಫೋನಿನಲ್ಲಿ ಕಣ್ಣು ಕಿರಿದುಮಾಡದೆ ಓದಬಲ್ಲ ಸುಮಾರು 54 ಪಿಕ್ಸೆಲ್ ಗಾತ್ರದ ಅಕ್ಷರ ಬಳಸಿದರೆ, ಒಂದು ಸಾಲಿಗೆ ಹೆಚ್ಚುಕಡಿಮೆ ಇಪ್ಪತ್ತು ಕನ್ನಡ ಅಕ್ಷರ ಹಿಡಿಯುತ್ತದೆ. ಅಂದರೆ ಎರಡು ಸಾಲಿಗೆ ಎಂಟೊಂಬತ್ತು ಪದ. ಮೂರನೆಯ ಸಾಲಿನವರೆಗೆ ಸಹಿಸಬಹುದು. ನಾಲ್ಕನೆಯದು ಬಂದರೆ ಚಿತ್ರ ಮುಚ್ಚಿಹೋಗುತ್ತದೆ, ಇಲ್ಲವೇ ಅಕ್ಷರ ಚಿಕ್ಕದಾಗುತ್ತದೆ.

ಇಳಿಸುವಾಗ ಮೊದಲು ಹೋಗಬೇಕಾದವು ‘ತುಂಬಾ’, ‘ಅತ್ಯಂತ’, ‘ಅದ್ಭುತ’ ಎಂಬ ಹಿಗ್ಗಿಸುವ ಪದಗಳು. ಆಮೇಲೆ ಆಶ್ಚರ್ಯಸೂಚಕ ಚಿಹ್ನೆ, ಹೃದಯದ ಗುರುತು. ಕಡೆಯಲ್ಲಿ, ಎರಡು ವಿಷಯ ಹೇಳುತ್ತಿರುವ ಸಾಲಿನಿಂದ ಒಂದು ವಿಷಯ. ಬಿಡಲು ಮನಸ್ಸಾಗದ್ದನ್ನು ಕೆಳಗಿನ ಅಡಿಬರಹಕ್ಕೆ ಸಾಗಿಸಿ. ಅಲ್ಲಿ 2,200 ಅಕ್ಷರಗಳವರೆಗೆ ಜಾಗವಿದೆ. ಸರಿಯಾಯಿತೇ ಎಂದು ತಿಳಿಯಲು ಸರಣಿಯನ್ನು ನೋಡಿರದ ಒಬ್ಬರ ಕೈಗೆ ಫೋನು ಕೊಟ್ಟು ಏನೂ ಹೇಳದೆ ಅವರ ಬೆರಳನ್ನು ಗಮನಿಸಿ. ಸಾಲು ಮುಗಿಯುವ ಮೊದಲೇ ಬೆರಳು ಸರಿಸಿದರೆ ಅದು ಉದ್ದವಾಗಿದೆ; ಓದಿ ಹಿಂದಿನ ಸ್ಲೈಡಿಗೆ ಮರಳಿದರೆ ಎಲ್ಲೋ ಅರ್ಥ ತಪ್ಪಿದೆ.

6. ಕನ್ನಡ ಅಕ್ಷರವನ್ನು ಚಿತ್ರದ ಮೇಲೆ ಕೂರಿಸಿ

ಇಂಗ್ಲಿಷಿನಲ್ಲಿ ಬರೆಯುವವರಿಗಿಲ್ಲದ ಕೆಲವು ತೊಡಕುಗಳು ನಮಗಿವೆ. ಎಲ್ಲ ಆ್ಯಪ್‌ಗಳೂ ಒತ್ತಕ್ಷರಗಳನ್ನು ಸರಿಯಾಗಿ ಕಟ್ಟುವುದಿಲ್ಲ. ಆ್ಯಪ್ ಆರಿಸಿದ ಕೂಡಲೇ ‘ಸ್ಕ್ಯಾನ್’ ಮತ್ತು ‘ಗರ್ಭಿಣಿ’ ಎಂಬ ಎರಡು ಪದಗಳನ್ನು ಟೈಪ್ ಮಾಡಿ ನೋಡಿ. ಒತ್ತುಗಳು ಕೆಳಗೆ ಕೂತು, ಅರ್ಕಾವತ್ತು ತನ್ನ ಜಾಗದಲ್ಲಿ ಬಂದರೆ ಆ ಆ್ಯಪ್ ನಡೆಯುತ್ತದೆ. ಅಕ್ಷರಗಳು ಬಿಡಿಬಿಡಿಯಾಗಿ ನಿಂತರೆ ಬೇರೆ ಆ್ಯಪ್ ಹುಡುಕಿ. ಅರ್ಕಾವತ್ತಿನ ಬದಲಿಗೆ ಒಂಬತ್ತರ ಅಂಕಿ ಒತ್ತಿ ‘ಗಭ೯ಿಣಿ’ ಎಂದು ಕಾಣುವ ಸ್ಲೈಡುಗಳನ್ನು ನಾನು ಇಂದಿಗೂ ನೋಡುತ್ತಿರುತ್ತೇನೆ, ದಯವಿಟ್ಟು ಹಾಗೆ ಮಾಡಬೇಡಿ. ಹಳೆಯ, ಯೂನಿಕೋಡ್ ಅಲ್ಲದ ಅಕ್ಷರವಿನ್ಯಾಸದಲ್ಲಿ ಬರೆದಿಟ್ಟದ್ದನ್ನು ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಂಡೇ ಬಳಸಬೇಕು.

ಉಚಿತವಾಗಿ ಸಿಗುವ Noto Sans Kannada, Baloo Tamma 2, Anek Kannada ಇವುಗಳಲ್ಲಿ ಒಂದನ್ನು ಆರಿಸಿ ಎಲ್ಲ ಸ್ಲೈಡಿಗೂ ಅದನ್ನೇ ಬಳಸಿ. ಸಾಲುಗಳ ನಡುವಿನ ಅಂತರವನ್ನು ಸ್ವಲ್ಪ ಹೆಚ್ಚಿಸಿ, ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ಅಕ್ಷರಗಳ ನಡುವಿನ ಅಂತರವನ್ನು ಮಾತ್ರ ಮುಟ್ಟಬೇಡಿ, ಕೆಲವು ಆ್ಯಪ್‌ಗಳಲ್ಲಿ ಅದರಿಂದಲೇ ಅಕ್ಷರ ಒಡೆಯುತ್ತದೆ. ಬರಹವನ್ನು ಚಿತ್ರದ ಮೇಲ್ಗಡೆ ಬಲಮೂಲೆಗೆ ತರಬೇಡಿ, ಅಲ್ಲಿ ‘1/9’ ಎಂಬ ಎಣಿಕೆ ಬಂದು ಕೂರುತ್ತದೆ. ಮುಖದ ಮೇಲೂ ಹೊಟ್ಟೆಯ ಮೇಲೂ ಬೇಡ. ಸೀರೆಯ ಜರಿಯಂತಹ ಗಿಜಿಗಿಜಿ ಹಿನ್ನೆಲೆಯಿದ್ದರೆ ಅಕ್ಷರದ ಹಿಂದೆ ತೆಳುವಾದ ಕಪ್ಪು ಪಟ್ಟಿ ಹಾಕಿ.

7. ಸ್ಕ್ಯಾನ್ ಚಿತ್ರದ ಮೂಲೆಗಳನ್ನು ಕತ್ತರಿಸಿ

ಸ್ಕ್ಯಾನ್ ಚಿತ್ರದ ಅಂಚಿನಲ್ಲಿ ನಿಮ್ಮ ಹೆಸರು, ವಯಸ್ಸು, ನೋಂದಣಿ ಸಂಖ್ಯೆ, ಆಸ್ಪತ್ರೆಯ ಹೆಸರು, ದಿನಾಂಕ ಮುದ್ರಿತವಾಗಿರುತ್ತವೆ. ಫೋನಿನ ಬಣ್ಣದ ಪೆನ್ನಿನಿಂದ ಗೀಚಿ ಮುಚ್ಚಿದರೆ ಸಾಲದು. ಹೈಲೈಟರ್ ಬಗೆಯ ಪೆನ್ನಿನ ಬಣ್ಣ ಅರೆಪಾರದರ್ಶಕವಾಗಿರುವುದರಿಂದ ಬೆಳಕು ಹೆಚ್ಚಿಸಿದರೆ ಕೆಳಗಿನದು ಓದಿಸಿಕೊಳ್ಳುತ್ತದೆ. ಆ ಭಾಗವನ್ನೇ ಕತ್ತರಿಸಿ ತೆಗೆಯಿರಿ. ಸ್ಕ್ಯಾನಿನ ಮುದ್ರಿತ ಪ್ರತಿ ಸಾಮಾನ್ಯವಾಗಿ ಶಾಖಕ್ಕೆ ಸ್ಪಂದಿಸುವ ಕಾಗದದ್ದು, ದಿನ ಕಳೆದಂತೆ ಮಾಸುತ್ತದೆ, ಬಿಸಿ ಲ್ಯಾಮಿನೇಶನ್ ಮಾಡಿಸಿದರೆ ಕಪ್ಪಾಗುತ್ತದೆ. ಆದ್ದರಿಂದ ಸಿಕ್ಕ ದಿನವೇ ನೆರಳಿನ ಬೆಳಕಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಚಿತ್ರದಲ್ಲಿ ಬೇರೆಯವರಿದ್ದರೆ, ಅವರ ಮಾತನ್ನು ಬಳಸಿದ್ದರೆ, ಒಮ್ಮೆ ತೋರಿಸಿ ಕೇಳಿ. ಅಜ್ಜಿ ಒಪ್ಪಿದರು, ಆದರೆ ಸೀಮಂತದ ಚಿತ್ರದ ಹಿಂಬದಿಯಲ್ಲಿದ್ದ ನೆಂಟರೊಬ್ಬರು ಬೇಡವೆಂದರು, ಅವರನ್ನು ಬಿಟ್ಟು ಚಿತ್ರ ಕತ್ತರಿಸಿದೆವು.

8. ಹಾಕುವ ಮುನ್ನ

ಪೋಸ್ಟು ಹೊರಬಿದ್ದ ಮೇಲೆ ಅಡಿಬರಹವನ್ನು ತಿದ್ದಬಹುದು, ಬೇಡವಾದ ಒಂದು ಸ್ಲೈಡನ್ನು ತೆಗೆಯಬಹುದು. ಆದರೆ ಒಂದು ಚಿತ್ರದ ಜಾಗದಲ್ಲಿ ತಿದ್ದಿದ ಚಿತ್ರವನ್ನು ಇಡಲಾಗದು. ಚಿತ್ರದ ಮೇಲಿನ ಕಾಗುಣಿತದ ತಪ್ಪು ಅಲ್ಲೇ ಉಳಿಯುತ್ತದೆ, ಇಲ್ಲವೇ ಬಂದ ಪ್ರತಿಕ್ರಿಯೆಗಳ ಸಮೇತ ಪೋಸ್ಟನ್ನೇ ಅಳಿಸಿ ಹೊಸದಾಗಿ ಹಾಕಬೇಕಾಗುತ್ತದೆ. ಆದ್ದರಿಂದ ಒಂಬತ್ತೂ ಚಿತ್ರಗಳನ್ನು ಮೊದಲು ವಾಟ್ಸಾಪಿನಲ್ಲಿ ನಿಮಗೆ ನೀವೇ ಕಳುಹಿಸಿಕೊಂಡು, ಕೊನೆಯದರಿಂದ ಮೊದಲಿಗೆ, ಹಿಮ್ಮುಖವಾಗಿ ಓದಿ. ಕಥೆಯ ಓಟದಲ್ಲಿ ಕಣ್ಣು ತಪ್ಪಿಸಿಕೊಂಡ ತಪ್ಪುಗಳು ಹಾಗೆ ಓದಿದಾಗ ಸಿಗುತ್ತವೆ. ನಮಗೆ ‘ಬೆಳಗ್ಗೆ’ ಇರಬೇಕಾದಲ್ಲಿ ‘ಬೆಳಗೆ’ ಸಿಕ್ಕಿತು.

ಕೆಳಗಿನ ಅಡಿಬರಹದಲ್ಲಿ ಮೊದಲಿಗೆ ಕಾಣುವುದು ಸುಮಾರು 125 ಅಕ್ಷರಗಳಷ್ಟೇ, ಉಳಿದದ್ದು ಒತ್ತಿದರೆ ತೆರೆದುಕೊಳ್ಳುತ್ತದೆ. ಅಲ್ಲಿ ಸ್ಲೈಡಿನ ಸಾಲುಗಳನ್ನೇ ಮತ್ತೆ ಬರೆಯಬೇಡಿ. ತಾಯಿ ಮಗು ಹೇಗಿದ್ದಾರೆ, ಯಾವಾಗಿನಿಂದ ನೋಡಲು ಬರಬಹುದು ಎಂಬಂತಹ, ಜನ ನಿಜಕ್ಕೂ ಕೇಳುವ ಸಂಗತಿಗೆ ಆ ಜಾಗವನ್ನು ಬಳಸಿ. ನನ್ನ ತಂಗಿ “ಇಬ್ಬರೂ ಆರಾಮಾಗಿದ್ದೇವೆ. ಬಾಣಂತನ ತವರಿನಲ್ಲಿ. ಫೋನ್ ತೆಗೆಯದಿದ್ದರೆ ಮಲಗಿದ್ದೇವೆ ಎಂದುಕೊಳ್ಳಿ” ಎಂದು ಬರೆದಳು.

ಇನ್ನು ಉಳಿದದ್ದು ಆಲ್ಟ್ ಟೆಕ್ಸ್ಟ್, ಅಂದರೆ ಕಣ್ಣು ಕಾಣದವರ ಫೋನು ಗಟ್ಟಿಯಾಗಿ ಓದಿ ಹೇಳುವ ಚಿತ್ರವಿವರಣೆ. ಚಿತ್ರದ ಮೇಲೆ ಬರೆದ ಅಕ್ಷರಗಳು ಚಿತ್ರದ ಭಾಗವೇ ಆಗಿಬಿಡುವುದರಿಂದ ಅಂಥವರ ಫೋನು ಅವನ್ನು ಓದುತ್ತದೆಂದು ನಂಬಿ ಕೂರುವಂತಿಲ್ಲ. ಇನ್‌ಸ್ಟಾಗ್ರಾಂನಲ್ಲಿ ಪ್ರತಿ ಸ್ಲೈಡಿಗೂ ಇದನ್ನು ಬೇರೆ ಬೇರೆಯಾಗಿ ಬರೆಯಲು ಅವಕಾಶವಿದೆ. ನಾಲ್ಕನೆಯ ಹಂತದಲ್ಲಿ ನೋಟ್‌ಬುಕ್ಕಿನಲ್ಲಿ ಹೊಡೆದುಹಾಕಿದ ಮೊದಲ ಸಾಲು, ಅಂದರೆ ಚಿತ್ರದಲ್ಲಿ ಯಾರಿಗಾದರೂ ಕಾಣುವುದೇನೆಂಬ ಸಾಲು, ಈಗ ಉಪಯೋಗಕ್ಕೆ ಬರುತ್ತದೆ. ಅದನ್ನು ಬರೆದು, ಅದರ ಪಕ್ಕದಲ್ಲಿ ಸ್ಲೈಡಿನ ಬರಹವನ್ನೂ ಸೇರಿಸಿ: “ಹಳೆಯ ಹತ್ತಿ ಸೀರೆಯ ನೀಲಿ ಅಂಚಿನ ನಡುವೆ ಮಗುವಿನ ಪಾದ. ಮೇಲೆ ಹೀಗೆ ಬರೆದಿದೆ: ಅಕ್ಟೋಬರ್ 9, ಗುರುವಾರ. ಅದೇ ಸೀರೆಯಲ್ಲಿ.”